ಯಾರೂ ನೋಡದ ವಿಡಿಯೊಗಳು ಶಿಫಾರಸಿನ ಮೇಲ್ಸಾಲಿಗೆ ಏಕೆ ಬರುತ್ತವೆ?

ಓದುಗರ ಪ್ರಶ್ನೆ: ನಮ್ಮ ಬಳಿ ಇರುವುದು ಕ್ಲಿಕ್ ದಾಖಲೆಗಳು ಮಾತ್ರ. ಬಳಕೆದಾರರಿಗೆ ಒಂದು, ವಿಡಿಯೊಗಳಿಗೆ ಒಂದು ಎಂಬೆಡಿಂಗ್ ಕೋಷ್ಟಕವನ್ನಿಟ್ಟು, ಅದೇ ಬ್ಯಾಚಿನ ಉಳಿದ ವಿಡಿಯೊಗಳನ್ನು ನೆಗೆಟಿವ್‌ಗಳಾಗಿ, ಅಂದರೆ ಆ ಬಳಕೆದಾರರು ಆರಿಸದ ಉದಾಹರಣೆಗಳಾಗಿ ಬಳಸಿ ಮಾದರಿಗೆ ತರಬೇತಿ ಕೊಟ್ಟಿದ್ದೇವೆ. ತರಬೇತಿಯ ನಷ್ಟ ಸರಿಯಾಗಿಯೇ ಇಳಿದಿದೆ. ಆದರೂ ಬಹುತೇಕ ಯಾರೂ ನೋಡದ ವಿಡಿಯೊಗಳೇ ಶಿಫಾರಸಿನ ಮೊದಲ ಸ್ಥಾನಗಳಲ್ಲಿ ಬರುತ್ತಿವೆ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ಮಾದರಿಯ ರಚನೆಯಲ್ಲಿಲ್ಲ, ನೆಗೆಟಿವ್‌ಗಳು ಬಂದ ದಾರಿಯಲ್ಲಿದೆ. ಮಾದರಿಯು ತನಗೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕಲಿತಿದೆ. ಆದರೆ ಅದು ನೀವು ಕೇಳಬೇಕೆಂದುಕೊಂಡಿದ್ದ ಪ್ರಶ್ನೆಯಲ್ಲ.

ಎಂಬೆಡಿಂಗ್ ಕೋಷ್ಟಕದಲ್ಲಿ ಪ್ರತಿ ವಿಡಿಯೊಗೆ ಒಂದು ಸಾಲು ಇರುತ್ತದೆ. ಆ ಸಾಲಿನಲ್ಲಿರುವ 64 ಅಥವಾ 128 ಸಂಖ್ಯೆಗಳೇ ಮಾದರಿಯ ಮಟ್ಟಿಗೆ ಆ ವಿಡಿಯೊದ ಪರಿಚಯ. ಬಳಕೆದಾರರ ಸಾಲಿಗೂ ವಿಡಿಯೊದ ಸಾಲಿಗೂ ಡಾಟ್ ಗುಣಲಬ್ಧ ತೆಗೆದರೆ ಅಂಕ ಸಿಗುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಒಂದು ಬ್ಯಾಚಿನ ಗ್ರೇಡಿಯೆಂಟ್ ಆ ಬ್ಯಾಚಿನಲ್ಲಿ ಕಾಣಿಸಿಕೊಂಡ ಸಾಲುಗಳನ್ನು ಮಾತ್ರ ಮುಟ್ಟುತ್ತದೆ ಎಂಬುದು. ಪಾಸಿಟಿವ್, ಅಂದರೆ ಬಳಕೆದಾರರು ಕ್ಲಿಕ್ ಮಾಡಿದ ವಿಡಿಯೊ ಆಗಿ ಬಂದಾಗ ಸಾಲು ಆ ಬಳಕೆದಾರರ ಕಡೆಗೆ ಸರಿಯುತ್ತದೆ, ನೆಗೆಟಿವ್ ಆಗಿ ಬಂದಾಗ ಅವರಿಂದ ದೂರ ಸರಿಯುತ್ತದೆ. ಆದ್ದರಿಂದ ಯಾವ ಸಾಲು ಎಷ್ಟು ಸಲ ನೆಗೆಟಿವ್ ಆಗಿ ಬರುತ್ತದೆ ಎಂಬುದು ಅಂತಿಮ ಅಂಕವನ್ನು ನೇರವಾಗಿ ನಿರ್ಧರಿಸುತ್ತದೆ.

ಕ್ಲಿಕ್ ದಾಖಲೆಯಲ್ಲಿ "ಇಷ್ಟವಾಗಲಿಲ್ಲ" ಎಂಬ ಗುರುತೇ ಇರುವುದಿಲ್ಲ. ಕ್ಲಿಕ್ ಆಗದ ವಿಡಿಯೊ ಬೇಡವಾಗಿದ್ದಿರಬಹುದು, ಕಣ್ಣಿಗೇ ಬೀಳದಿದ್ದಿರಲೂಬಹುದು. ಹೀಗಾಗಿ ನೆಗೆಟಿವ್‌ಗಳನ್ನು ನಾವೇ ಆರಿಸಿಕೊಳ್ಳಬೇಕಾಗುತ್ತದೆ. ಬ್ಯಾಚಿನಲ್ಲಿ ಇತರರು ಕ್ಲಿಕ್ ಮಾಡಿದ ವಿಡಿಯೊಗಳನ್ನೇ ಬಳಸಿದರೆ ಹೆಚ್ಚುವರಿ ಲೆಕ್ಕ ಬೇಕಾಗುವುದಿಲ್ಲ ಎಂಬ ಕಾರಣಕ್ಕೆ ಆ ವಿಧಾನ ಇಷ್ಟು ಬಳಕೆಯಲ್ಲಿದೆ. ಆದರೆ ಹಾಗೆ ಆರಿಸಿದಾಗ ಪ್ರತಿ ವಿಡಿಯೊ ತನ್ನ ಜನಪ್ರಿಯತೆಗೆ ತಕ್ಕಷ್ಟು ಸಲ ನೆಗೆಟಿವ್ ಆಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಒಟ್ಟು 1,00,000 ವಿಡಿಯೊಗಳಿವೆ, ಬ್ಯಾಚಿನ ಗಾತ್ರ 1000 ಎಂದಿಟ್ಟುಕೊಳ್ಳಿ. ವಿಡಿಯೊ 'ಅ' ಎಲ್ಲ ಕ್ಲಿಕ್‌ಗಳಲ್ಲಿ ಶೇ 2ರಷ್ಟನ್ನು ಪಡೆಯುತ್ತದೆ; ವಿಡಿಯೊ 'ಕ' ಹತ್ತು ಲಕ್ಷ ಕ್ಲಿಕ್‌ಗಳಿಗೆ ಒಂದನ್ನು ಪಡೆಯುತ್ತದೆ. ಸರಾಸರಿಯಲ್ಲಿ 'ಅ' ಪ್ರತಿ ಬ್ಯಾಚಿನಲ್ಲೂ 20 ಸಲ ಬರುತ್ತದೆ, 'ಕ' 1000 ಬ್ಯಾಚುಗಳಲ್ಲಿ ಒಮ್ಮೆ ಬರುತ್ತದೆ. ಈಗ ಒಬ್ಬ ಬಳಕೆದಾರರ ಮುಂದಿನ ಕ್ಲಿಕ್ 'ಅ' ಆಗಿರುವ ಸಂಭವನೀಯತೆ 0.03, 'ಕ' ಆಗಿರುವ ಸಂಭವನೀಯತೆ 0.00001 ಎನ್ನೋಣ. ಅಂದರೆ ಅವರು 'ಅ' ವಿಡಿಯೊವನ್ನು ಆರಿಸುವ ಸಾಧ್ಯತೆ 3000 ಪಟ್ಟು ಹೆಚ್ಚು.

ಬಳಕೆದಾರರನ್ನು `u`, ವಿಡಿಯೊವನ್ನು `i` ಎನ್ನೋಣ. ಪಾಸಿಟಿವ್ ಒಂದನ್ನು `P(i|u)` ಹಂಚಿಕೆಯಿಂದಲೂ ನೆಗೆಟಿವ್‌ಗಳನ್ನು `Q(i)` ಹಂಚಿಕೆಯಿಂದಲೂ ತೆಗೆದು, "ಇವುಗಳಲ್ಲಿ ಪಾಸಿಟಿವ್ ಯಾವುದು?" ಎಂದು ಸಾಫ್ಟ್‌ಮ್ಯಾಕ್ಸ್ ಮೂಲಕ ಕೇಳಿದಾಗ, ಮಾದರಿಗೆ ಸಾಕಷ್ಟು ಸಾಮರ್ಥ್ಯವಿದ್ದರೆ ಅದು ಕಲಿಯುವ ಅಂಕ ಇದು:

```
s(u,i) = log P(i|u) - log Q(i) + c(u)
```

ಇಲ್ಲಿ `c(u)` ಬಳಕೆದಾರರಿಗೆ ಮಾತ್ರ ಸಂಬಂಧಿಸಿದ ಸ್ಥಿರಾಂಕವಾದ್ದರಿಂದ ಕ್ರಮವನ್ನು ಬದಲಿಸುವುದಿಲ್ಲ. ಅದನ್ನು ಬಿಟ್ಟರೆ 'ಅ' ವಿಡಿಯೊದ ಅಂಕ ln(0.03/0.02), ಅಂದರೆ ಸುಮಾರು 0.41; 'ಕ' ವಿಡಿಯೊದ ಅಂಕ ln(0.00001/0.000001), ಅಂದರೆ ಸುಮಾರು 2.30. ಹೀಗೆ 3000 ಪಟ್ಟು ಕಡಿಮೆ ಸಾಧ್ಯತೆಯ ವಿಡಿಯೊ ಮೇಲೆ ಬಂದು ಕುಳಿತಿತು. ಈ ಬಳಕೆದಾರರು ಸರಾಸರಿ ಬಳಕೆದಾರರಿಗಿಂತ ಎಷ್ಟು ಪಟ್ಟು ಹೆಚ್ಚಾಗಿ ಇದನ್ನು ನೋಡುತ್ತಾರೆ ಎಂಬುದನ್ನು ಮಾದರಿ ಕಲಿತಿದೆ. ಇವರು ಮುಂದೆ ಏನನ್ನು ನೋಡುತ್ತಾರೆ ಎಂಬುದನ್ನಲ್ಲ.

ಪರಿಹಾರ ಸಮೀಕರಣದಲ್ಲಿಯೇ ಕಾಣುತ್ತದೆ. ತರಬೇತಿಯ ಸಮಯದಲ್ಲಿ ಸಾಫ್ಟ್‌ಮ್ಯಾಕ್ಸ್‌ಗೆ ಕೊಡುವ ಮೊದಲು ಪ್ರತಿ ಅಂಕದಿಂದ `log Q(i)` ಕಳೆಯಬೇಕು. ಆ ಪದದ ಹೊರೆಯನ್ನು ತಿದ್ದುಪಡಿಯೇ ಹೊತ್ತುಕೊಳ್ಳುವುದರಿಂದ ಎಂಬೆಡಿಂಗ್‌ಗಳು `log P(i|u)` ಅನ್ನು ಕಲಿಯುತ್ತವೆ. ಆಗ 'ಅ' ವಿಡಿಯೊಗೆ -3.51, 'ಕ' ವಿಡಿಯೊಗೆ -11.51 ಅಂಕ ಬಂದು ಕ್ರಮ ಸರಿಯಾಗುತ್ತದೆ.

```python
logits = (U @ V.T) / tau - logq
same = ids[:, None] == ids[None, :]
same.fill_diagonal_(False)
logits = logits.masked_fill(same, float("-inf"))
loss = F.cross_entropy(logits, torch.arange(len(ids)))
```

`U` ಮತ್ತು `V` ಬ್ಯಾಚಿನ ಬಳಕೆದಾರರ ಮತ್ತು ವಿಡಿಯೊಗಳ ಸಾಲುಗಳು, `ids` ಆ ವಿಡಿಯೊಗಳ ಗುರುತು ಸಂಖ್ಯೆಗಳು, `tau` ಅಂಕಗಳ ಹರವನ್ನು ಹೊಂದಿಸುವ ಭಾಜಕ. `logq` ಎಂಬುದು ಬ್ಯಾಚಿನ ಪ್ರತಿ ವಿಡಿಯೊಗೆ ಒಂದು ಸಂಖ್ಯೆ: ತರಬೇತಿ ದತ್ತಾಂಶದಲ್ಲಿ ಅದರ ಕ್ಲಿಕ್‌ಗಳನ್ನು ಒಟ್ಟು ಕ್ಲಿಕ್‌ಗಳಿಂದ ಭಾಗಿಸಿ ಪಡೆದ ಲಾಗ್. ಪಾಸಿಟಿವ್‌ನ ಅಂಕದಿಂದಲೂ ಅದನ್ನು ಕಳೆಯಬೇಕು. ಮೇಲಿನ ಕೋಡ್ ಕಾಲಮ್‌ವಾರು ಕಳೆಯುವುದರಿಂದ ಅದು ತಾನಾಗಿಯೇ ಆಗುತ್ತದೆ. ಶಿಫಾರಸು ಮಾಡುವಾಗ ಮಾತ್ರ ಈ ತಿದ್ದುಪಡಿ ಇರಕೂಡದು, ಬರಿಯ ಡಾಟ್ ಗುಣಲಬ್ಧವನ್ನೇ ಬಳಸಬೇಕು. ಅಲ್ಲಿಯೂ ಕಳೆದರೆ ನೀವು ಬಿಟ್ಟುಬಂದ ದೋಷಕ್ಕೇ ಮರಳಿ ಹೋಗುತ್ತೀರಿ. `same` ಸಾಲುಗಳ ಅಗತ್ಯವೂ ಸ್ಪಷ್ಟವೇ: 'ಅ' ಕ್ಲಿಕ್ ಮಾಡಿದವರ ಬ್ಯಾಚಿನಲ್ಲಿ ಅದರ ಇನ್ನೂ 19ರಷ್ಟು ಪ್ರತಿಗಳಿರುತ್ತವೆ, ಮರೆಮಾಡದಿದ್ದರೆ ಅದೇ ವಿಡಿಯೊ ಅವರಿಗೆ ಒಮ್ಮೆ ಪಾಸಿಟಿವ್, ಉಳಿದಂತೆ ನೆಗೆಟಿವ್ ಆಗುತ್ತದೆ.

ಇಷ್ಟು ಮಾಡಿದ ಮೇಲೂ ಫಲ ಕಾಣದಿದ್ದರೆ ಸಾಲುಗಳ ಉದ್ದವನ್ನು ಪರಿಶೀಲಿಸಿ. ಎರಡೂ ಕಡೆಯ ಸಾಲುಗಳನ್ನು ಏಕಮಾನ ಉದ್ದಕ್ಕೆ ಇಳಿಸಿ, `tau` ಅನ್ನು 1 ಎಂದೇ ಬಿಟ್ಟಿದ್ದರೆ ಅಂಕಗಳು -1ರಿಂದ 1ರ ನಡುವೆಯೇ ಸಿಲುಕುತ್ತವೆ. 'ಅ' ಮತ್ತು 'ಕ' ನಡುವೆ ಬೇಕಾದ ಅಂತರ 8ರಷ್ಟಿರುವಾಗ ಗರಿಷ್ಠ 2ರ ಅಂತರದಲ್ಲಿ ಅದನ್ನು ಹೇಳಲು ಸಾಧ್ಯವೇ ಇಲ್ಲ. `tau` ಅನ್ನು 0.1ರ ಸುಮಾರಿಗೆ ಇಳಿಸುವುದು ಅಥವಾ ಪ್ರತಿ ವಿಡಿಯೊಗೆ ಕಲಿಯಬಲ್ಲ ಒಂದು ಬಯಾಸ್ ಸಂಖ್ಯೆಯನ್ನು ಸೇರಿಸುವುದು ಇಲ್ಲಿ ನೆರವಾಗುತ್ತದೆ.

ತಿದ್ದುಪಡಿಗೆ ನಿಲುಕದ ಒಂದು ಗುಂಪು ಉಳಿಯುತ್ತದೆ. ಒಂದು ಕ್ಲಿಕ್ಕನ್ನೂ ಪಡೆಯದ ವಿಡಿಯೊ ಬ್ಯಾಚಿನೊಳಗೆ ಬರುವುದೇ ಇಲ್ಲ. ಅದರ ಸಾಲು ಆರಂಭದಲ್ಲಿ ತುಂಬಿದ ಯಾದೃಚ್ಛಿಕ ಸಂಖ್ಯೆಗಳಲ್ಲಿಯೇ ಉಳಿದು, ಯಾರೂ ಕೆಳಗೆ ತಳ್ಳದ ಕಾರಣ ಕೆಲವರ ಪಟ್ಟಿಯಲ್ಲಿ ಆಕಸ್ಮಿಕವಾಗಿ ಮೇಲೆ ಬರುತ್ತದೆ. ಇದಕ್ಕೆ ಬ್ಯಾಚಿನ 1000 ನೆಗೆಟಿವ್‌ಗಳ ಜೊತೆ ಇಡೀ ಪಟ್ಟಿಯಿಂದ ಸಮಾನ ಸಂಭವನೀಯತೆಯಲ್ಲಿ 500 ವಿಡಿಯೊಗಳನ್ನು ಸೇರಿಸಬಹುದು. ಆಗ 'ಕ' ಒಂದು ಬ್ಯಾಚಿನಲ್ಲಿ ಬರುವ ನಿರೀಕ್ಷೆ 0.001ರಿಂದ 0.006ಕ್ಕೆ ಏರುತ್ತದೆ, 'ಅ' ವಿಡಿಯೊದ್ದು ಬಹುತೇಕ ಹಾಗೆಯೇ ಉಳಿಯುತ್ತದೆ. `Q` ಕೂಡ ಈ ಮಿಶ್ರ ಹಂಚಿಕೆಯದ್ದೇ ಆಗಿರಬೇಕು ಎಂಬುದನ್ನು ಮರೆಯಬಾರದು: 'ಕ' ವಿಡಿಯೊಗೆ 0.006/1500, ಅಂದರೆ 0.000004. ಗುರುತು ಸಂಖ್ಯೆಯ ಜೊತೆಗೆ ವಿಷಯ, ಭಾಷೆ, ನಿರ್ಮಾಪಕರಂಥ ವರ್ಗಗಳಿಗೂ ಚಿಕ್ಕ ಕೋಷ್ಟಕಗಳನ್ನಿಟ್ಟರೆ, ಕ್ಲಿಕ್ಕಿಲ್ಲದ ವಿಡಿಯೊ ಕೂಡ ಆ ಹಂಚಿಕೊಂಡ ಸಾಲುಗಳಿಂದ ಅರ್ಥಪೂರ್ಣ ಸ್ಥಾನ ಪಡೆಯುತ್ತದೆ.

ರೋಗ ಇದೇ ಎಂದು ಖಚಿತಪಡಿಸಿಕೊಳ್ಳಲು ತರಬೇತಿಯ ನಷ್ಟವನ್ನು ನೋಡಬೇಡಿ. ತಿದ್ದುಪಡಿ ಇರುವ ಮತ್ತು ಇಲ್ಲದ ನಷ್ಟಗಳು ಹೋಲಿಕೆಗೆ ತಕ್ಕವಲ್ಲ. ವಿಡಿಯೊಗಳನ್ನು ಕ್ಲಿಕ್ ಸಂಖ್ಯೆಯ ಪ್ರಕಾರ ಹತ್ತು ಗುಂಪು ಮಾಡಿ, ತರಬೇತಿಯಿಂದ ಹೊರಗಿಟ್ಟ ಕ್ಲಿಕ್‌ಗಳಲ್ಲಿ ಪ್ರತಿ ಗುಂಪಿನ ಪಾಲನ್ನೂ ಶಿಫಾರಸುಗಳಲ್ಲಿ ಅದರ ಪಾಲನ್ನೂ ಪಕ್ಕಪಕ್ಕ ಇಡಿ. ಅಂಕಗಳ ಕ್ರಮವನ್ನು ಅಳೆಯುವಾಗ ಆಯ್ದ 100 ವಿಡಿಯೊಗಳ ಜೊತೆಗಲ್ಲದೆ ಇಡೀ 1,00,000 ವಿಡಿಯೊಗಳ ಜೊತೆಗೆ ಅಳೆಯಿರಿ. ಆಯ್ದ ಕೆಲವೇ ವಿಡಿಯೊಗಳ ಜೊತೆಗಿನ ಅಳತೆಯು ಎರಡು ಮಾದರಿಗಳಲ್ಲಿ ಯಾವುದು ಉತ್ತಮ ಎಂಬುದನ್ನೇ ತಿರುಗಿಸಬಲ್ಲದೆಂದು 2020ರಲ್ಲಿ ಸಂಶೋಧಕರಾದ ಕ್ರಿಶೆನ್ ಮತ್ತು ರೆಂಡ್ಲೆ ತೋರಿಸಿದ್ದಾರೆ.

ಪೂರ್ಣ ತಿದ್ದುಪಡಿಯಿಂದ ಜನಪ್ರಿಯ ವಿಡಿಯೊಗಳೇ ಎಲ್ಲರ ಪಟ್ಟಿಯನ್ನೂ ತುಂಬಿದರೆ `log Q` ಅನ್ನು 0 ಮತ್ತು 1ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ ಕಳೆಯಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲು 1ರಿಂದಲೇ ಆರಂಭಿಸಿ, ಗುಂಪುವಾರು ಪಾಲುಗಳನ್ನು ನೋಡಿದ ಮೇಲಷ್ಟೇ ಅದನ್ನು ಇಳಿಸುವುದು ಸರಿ. ನೀವು ಈಗ ನಡೆಸುತ್ತಿರುವ ಮಾದರಿಯಲ್ಲಿ ಆ ಸಂಖ್ಯೆ, ಯಾರೂ ಆರಿಸದೆಯೇ, 0 ಆಗಿದೆ.