ಚಿನ್ನದ ಆಮದು, ಚಾಲ್ತಿ ಖಾತೆ ಕೊರತೆ ಮತ್ತು ರೂಪಾಯಿ

ಚಾಲ್ತಿ ಖಾತೆ ಕೊರತೆ ಎಂಬ ಮಾತು ಪತ್ರಿಕೆಯ ವಾಣಿಜ್ಯ ಪುಟಕ್ಕೆ ಬಂದರೆ ಬೆನ್ನಿಗೇ ಚಿನ್ನದ ಹೆಸರೂ ಬರುತ್ತದೆ. ಕಚ್ಚಾ ತೈಲಕ್ಕೆ ಭಾರತ ಇದಕ್ಕಿಂತ ಎಷ್ಟೋ ಜಾಸ್ತಿ ಡಾಲರ್ ಸುರಿಯುತ್ತದೆ. ಆದರೂ ಬೈಗುಳ ಮಾತ್ರ ಚಿನ್ನಕ್ಕೆ. ಯಾಕೆ ಹೀಗೆ? 2012-13ರ ಭಾರತದ ಲೆಕ್ಕವನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ.

ಮೊದಲು ಎರಡು ಪದಗಳು. ನಾವು ಹೊರಗಿನಿಂದ ತರಿಸುವ ಸರಕಿನ ಬೆಲೆ, ಹೊರಗೆ ಮಾರುವ ಸರಕಿನ ಬೆಲೆಗಿಂತ ಎಷ್ಟು ಹೆಚ್ಚೋ ಅದು ವ್ಯಾಪಾರ ಕೊರತೆ. ಇದರಲ್ಲಿ ಸರಕು ಮಾತ್ರ ಇರುತ್ತದೆ. ಚಾಲ್ತಿ ಖಾತೆ ಇದಕ್ಕಿಂತ ದೊಡ್ಡದು. ಸಾಫ್ಟ್‌ವೇರ್‌ನಂಥ ಸೇವೆಗಳ ಗಳಿಕೆ, ಹೊರದೇಶಗಳಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ, ಹೊರಗಿನವರಿಗೆ ನಾವು ಕಟ್ಟುವ ಬಡ್ಡಿ ಮತ್ತು ಲಾಭಾಂಶ, ಎಲ್ಲವೂ ಅದರೊಳಗೆ ಬರುತ್ತವೆ.

2012-13ರಲ್ಲಿ ಸರಕಿನ ಲೆಕ್ಕದಲ್ಲೇ ನಮಗೆ ಸುಮಾರು 19,570 ಕೋಟಿ ಡಾಲರ್ ಕಡಿಮೆ ಬಿದ್ದಿತ್ತು. ಸೇವೆಗಳಿಂದ ಹೆಚ್ಚುಕಡಿಮೆ 6,500 ಕೋಟಿ ಡಾಲರ್ ಬಂತು, ಊರಿಗೆ ಕಳಿಸಿದ ಹಣ 6,400 ಕೋಟಿಯಷ್ಟಾಯಿತು. ಬಡ್ಡಿ, ಲಾಭಾಂಶದ ರೂಪದಲ್ಲಿ ಸುಮಾರು 2,150 ಕೋಟಿ ಹೊರಗೆ ಹೋಯಿತು. ಕೂಡಿ ಕಳೆದರೆ ಉಳಿದ ಕೊರತೆ ಸುಮಾರು 8,800 ಕೋಟಿ ಡಾಲರ್. ಅದು ಜಿಡಿಪಿಯ ಶೇ 4.8ರಷ್ಟು, ಆವರೆಗಿನ ದಾಖಲೆ. ಅದೇ ವರ್ಷ ಚಿನ್ನದ ಆಮದಿಗೆ ಹೋದದ್ದು ಸುಮಾರು 5,380 ಕೋಟಿ ಡಾಲರ್.

ಚಿನ್ನವನ್ನು ಪೂರ್ತಿ ತೆಗೆದುಬಿಟ್ಟರೆ ಕೊರತೆ 3,400 ಕೋಟಿಗೆ ಇಳಿಯುತ್ತಿತ್ತು ಎಂದು ಆಗ ಹಲವರು ಲೆಕ್ಕ ಹಾಕಿದ್ದರು. ಸುಮ್ನೆ ಹಾಗೆ ಕಳೆಯಲಾಗುವುದಿಲ್ಲ. ಬಂದ ಚಿನ್ನದಲ್ಲಿ ಒಂದು ಪಾಲು ಆಭರಣವಾಗಿ ಮತ್ತೆ ರಫ್ತಾಗುತ್ತದೆ. ಆಮದು ನಿಂತರೆ ಆ ರಫ್ತಿನ ಡಾಲರೂ ನಿಲ್ಲುತ್ತದೆ. ಆದರೂ ದೊಡ್ಡ ಪಾಲು ದೇಶದೊಳಗೇ ಉಳಿಯುವುದರಿಂದ, ಲೆಕ್ಕದ ದಿಕ್ಕು ತಪ್ಪಲ್ಲ.

ಇಲ್ಲೇ ತೈಲಕ್ಕೂ ಚಿನ್ನಕ್ಕೂ ಇರುವ ವ್ಯತ್ಯಾಸ ಕಾಣುವುದು. ತೈಲ ತರಿಸಿದರೆ ಲಾರಿ ಓಡುತ್ತದೆ, ಕಾರ್ಖಾನೆ ನಡೆಯುತ್ತದೆ. ಯಂತ್ರ ತರಿಸಿದರೆ ನಾಳೆ ರಫ್ತು ಮಾಡುವ ಸರಕು ತಯಾರಾಗಬಹುದು. ಉಳಿತಾಯಕ್ಕೆಂದು ತರಿಸಿದ ಚಿನ್ನದ ಗಟ್ಟಿ ಲಾಕರಿನಲ್ಲಿ ಕೂರುತ್ತದೆ. ಕೊಂಡವರ ಮಟ್ಟಿಗೆ ಅದು ಆಸ್ತಿಯೇ, ಅದರಲ್ಲಿ ತಪ್ಪೇನಿಲ್ಲ. ಆದರೆ ದೇಶದ ಲೆಕ್ಕದಲ್ಲಿ ಅದು ಸರಕಿನ ಆಮದು. ತಮಾಷೆ ಎಂದರೆ, ಅದೇ ಚಿನ್ನವನ್ನು ರಿಸರ್ವ್ ಬ್ಯಾಂಕ್ ಇನ್ನೊಂದು ಕೇಂದ್ರ ಬ್ಯಾಂಕಿನಿಂದಲೋ ಐಎಂಎಫ್‌ನಿಂದಲೋ ತನ್ನ ಮೀಸಲಿಗೆಂದು ಕೊಂಡರೆ ಚಾಲ್ತಿ ಖಾತೆಯನ್ನು ಅದು ಮುಟ್ಟುವುದೇ ಇಲ್ಲ. 2009ರಲ್ಲಿ ರಿಸರ್ವ್ ಬ್ಯಾಂಕ್ ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡಿತು. ಅದನ್ನು ಮೀಸಲಿನ ಒಂದು ಭಾಗ ಡಾಲರ್ ರೂಪದಿಂದ ಚಿನ್ನದ ರೂಪಕ್ಕೆ ಬದಲಾಯಿತು ಎಂದಷ್ಟೇ ಬರೆದುಕೊಳ್ಳುತ್ತಾರೆ. ಜನ ಕೊಂಡರೆ ಕೊರತೆ, ರಿಸರ್ವ್ ಬ್ಯಾಂಕ್ ಕೊಂಡರೆ ಮೀಸಲು!

ಇನ್ನು ರೂಪಾಯಿಯ ಮೇಲೆ ಒತ್ತಡ ಬೀಳುವುದು ಹೇಗೆ? ಇಲ್ಲಿನ ಆಭರಣ ವ್ಯಾಪಾರಿ ಕೊಡುವುದು ರೂಪಾಯಿ. ಗಟ್ಟಿ ಚಿನ್ನ ಮಾರುವ ಹೊರಗಿನ ಬುಲಿಯನ್ ಬ್ಯಾಂಕಿಗೆ ಬೇಕಾದದ್ದು ಡಾಲರ್. ಚಿನ್ನ ತರಿಸಲು ಅನುಮತಿ ಇರುವ ನಮ್ಮ ಬ್ಯಾಂಕ್ ಮಧ್ಯೆ ನಿಂತು, ವಿದೇಶಿ ವಿನಿಮಯ ಮಾರುಕಟ್ಟೆಯಲ್ಲಿ ರೂಪಾಯಿ ಮಾರಿ ಡಾಲರ್ ಕೊಳ್ಳುತ್ತದೆ. ಒಂದು ಟನ್ ಎಂದರೆ ಸುಮಾರು 32,150 ಔನ್ಸ್. ಔನ್ಸಿಗೆ 1,650 ಡಾಲರ್ ಎಂದು ಹಿಡಿದರೆ ಟನ್ನಿಗೆ ಸುಮಾರು 5.3 ಕೋಟಿ ಡಾಲರ್. ಡಾಲರಿಗೆ 54 ರೂಪಾಯಿ ಇದ್ದಾಗ ಅಷ್ಟು ಡಾಲರ್ ಕೊಳ್ಳಲು ಸುಮಾರು 286 ಕೋಟಿ ರೂಪಾಯಿ ಮಾರಬೇಕು. 68 ಇದ್ದಾಗ 360 ಕೋಟಿ. ಇಂಥ ನೂರಾರು ಟನ್ನಿಗೆ ಡಾಲರ್ ಬೇಡಿಕೆ ಬಂದಾಗ, ಅಷ್ಟೇ ಡಾಲರ್ ಮಾರುವವರು ಇಲ್ಲದಿದ್ದರೆ ರೂಪಾಯಿ ಇಳಿಯಲೇಬೇಕು.

‘ಇಲ್ಲದಿದ್ದರೆ’ ಎಂದದ್ದಕ್ಕೆ ಕಾರಣವಿದೆ. ಕೊರತೆ ದಾಖಲೆ ಮುಟ್ಟಿದ 2012-13ರಲ್ಲಿ ರೂಪಾಯಿ ಕುಸಿದು ಬೀಳಲಿಲ್ಲ. ವಿದೇಶಿ ಹೂಡಿಕೆ, ಸಾಲ, ಅನಿವಾಸಿ ಭಾರತೀಯರ ಠೇವಣಿಗಳ ರೂಪದಲ್ಲಿ ಬಂದ ಡಾಲರ್ ಇಡೀ ಕೊರತೆಯನ್ನು ತುಂಬಿತು. ಮೀಸಲಿನ ಮೌಲ್ಯದಲ್ಲಾದ ಏರಿಳಿತ ಬಿಟ್ಟು ಲೆಕ್ಕ ಹಾಕಿದರೆ, ವಿದೇಶಿ ವಿನಿಮಯ ಮೀಸಲಿಗೆ ಸುಮಾರು 380 ಕೋಟಿ ಡಾಲರ್ ಸೇರಿತು ಕೂಡ. ಅಂದರೆ ಚಿನ್ನದ ಆಮದು ತಾನೊಂದೇ ರೂಪಾಯಿಯನ್ನು ಬೀಳಿಸುವುದಿಲ್ಲ. ಬೇರೆಯವರು ಪ್ರತಿದಿನ ಡಾಲರ್ ತಂದು ಸುರಿಯುತ್ತಲೇ ಇರಬೇಕಾದ ಸ್ಥಿತಿಗೆ ದೇಶವನ್ನು ತಂದು ನಿಲ್ಲಿಸುತ್ತದೆ. ಅವರು ಒಮ್ಮೆ ಕೈ ಹಿಂದೆಳೆದರೆ ಕಥೆ ಮುಗಿಯಿತು.

2013ರಲ್ಲಿ ಆದದ್ದು ಅದೇ. ಏಪ್ರಿಲ್ ಮಧ್ಯದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆ ಧಡಕ್ಕನೆ ಬಿತ್ತು. ಅಗ್ಗವಾಯಿತು ಎಂದು ಇಲ್ಲಿ ಕೊಳ್ಳುವವರು ಮುಗಿಬಿದ್ದರು. ಮೇ ಒಂದೇ ತಿಂಗಳಲ್ಲಿ ಸುಮಾರು 160 ಟನ್ ಒಳಗೆ ಬಂತು. ಅದೇ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ, ತಿಂಗಳು ತಿಂಗಳು ಬಾಂಡ್ ಕೊಳ್ಳುವುದನ್ನು ಕಡಿಮೆ ಮಾಡಬಹುದು ಎಂಬ ಸೂಚನೆ ಕೊಟ್ಟರು. ಅಮೆರಿಕದಲ್ಲಿ ಬಡ್ಡಿ ಏರಬಹುದು ಎಂದು ಹೂಡಿಕೆದಾರರು ನಮ್ಮಂಥ ದೇಶಗಳಿಂದ ಹಣ ತೆಗೆಯತೊಡಗಿದರು. ಡಾಲರಿಗೆ ಬೇಡಿಕೆ ಹೆಚ್ಚಿದ ಹೊತ್ತಿಗೇ ಪೂರೈಕೆ ತಗ್ಗಿತು. ಮೇ ಆರಂಭದಲ್ಲಿ 54ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ಕ್ಕೆ 68 ರೂಪಾಯಿ ದಾಟಿತು.

ಇಲ್ಲೊಂದು ಸುಳಿಯೂ ಇದೆ. ರೂಪಾಯಿ ಇಳಿದಷ್ಟೂ ದೇಶದೊಳಗೆ ಚಿನ್ನ ದುಬಾರಿಯಾಗುತ್ತದೆ. ಬೇರೆ ಸರಕಾಗಿದ್ದರೆ ಜನ ಕೊಳ್ಳುವುದನ್ನು ತಗ್ಗಿಸುತ್ತಿದ್ದರು. ಚಿನ್ನದ ವಿಷಯದಲ್ಲಿ, ರೂಪಾಯಿ ಬೀಳ್ತಿದೆ, ಚಿನ್ನವೇ ಗಟ್ಟಿ ಎಂದು ಇನ್ನಷ್ಟು ಕೊಳ್ಳುವವರೂ ಇರುತ್ತಾರೆ. ಹಣದುಬ್ಬರ ಬ್ಯಾಂಕ್ ಬಡ್ಡಿಯನ್ನು ಮೀರಿದಾಗ ಇದು ಜೋರಾಗುತ್ತದೆ. ಹಾಗಾಗಿ ಚಿನ್ನದ ಆಮದನ್ನು ಕರೆನ್ಸಿ ಕಾಯಿಲೆಯ ಕಾರಣ ಎಂದು ಮಾತ್ರ ನೋಡಿದರೆ ಅರ್ಧ ಕಂಡಂತೆ, ಎಷ್ಟೋ ಸಲ ಅದು ಲಕ್ಷಣವೂ ಹೌದು. 2023ರಲ್ಲಿ ಟರ್ಕಿಯಲ್ಲಿ ಲಿರಾ ಬಿದ್ದಂತೆ ಜನ ಚಿನ್ನದ ಕಡೆ ಓಡಿದರು, ಅಲ್ಲಿನ ಸರ್ಕಾರ ಆಮದಿಗೆ ಕೋಟಾ ಹಾಕಿತು.

ಭಾರತ ಮಾಡಿದ್ದೇನು? 2012ರ ಜನವರಿಯಲ್ಲಿ ಶೇ 2 ಇದ್ದ ಆಮದು ಸುಂಕ ಹಂತ ಹಂತವಾಗಿ 2013ರ ಆಗಸ್ಟ್‌ಗೆ ಶೇ 10 ಆಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ 80:20 ನಿಯಮ ತಂದಿತು. ತರಿಸಿದ ಚಿನ್ನದಲ್ಲಿ ಕನಿಷ್ಠ ಐದನೇ ಒಂದು ಪಾಲನ್ನು ರಫ್ತಿಗೆ ಇಡಬೇಕು ಎಂಬುದು ಅದರ ತಿರುಳು. 2013-14ರಲ್ಲಿ ಚಿನ್ನದ ಆಮದು ಸುಮಾರು 2,870 ಕೋಟಿ ಡಾಲರಿಗೆ ಇಳಿಯಿತು, ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 1.7ಕ್ಕೆ ಬಂತು. ಆದರೆ ರೂಪಾಯಿ ಚೇತರಿಸಿಕೊಂಡದ್ದು ಇದರಿಂದಲೇ ಅಲ್ಲ. ಬ್ಯಾಂಕುಗಳು ಹೊರಗಿನಿಂದ ತಂದ ಡಾಲರನ್ನು ರೂಪಾಯಿಗೆ ಬದಲಿಸಿಕೊಂಡು, ಮುಂದೆ ಗೊತ್ತುಮಾಡಿದ ದರದಲ್ಲಿ ವಾಪಸ್ ಕೊಡುವ ವಿಶೇಷ ಸ್ವಾಪ್ ಸೌಲಭ್ಯವನ್ನು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಅದರಿಂದ ಸುಮಾರು 3,400 ಕೋಟಿ ಡಾಲರ್ ಒಳಗೆ ಬಂತು. ನನ್ನ ಪ್ರಕಾರ ದೊಡ್ಡ ಕೆಲಸ ಮಾಡಿದ್ದು ಅದೇ.

ಸುಂಕಕ್ಕೆ ಇನ್ನೊಂದು ಮಿತಿ ಇದೆ. ಅದು ಏರಿದಂತೆ ಕಳ್ಳಸಾಗಣೆಯಲ್ಲಿ ಲಾಭವೂ ಏರುತ್ತದೆ. ಕದ್ದು ಬಂದ ಚಿನ್ನ ಆಮದಿನ ಅಂಕಿಯಲ್ಲಿ ಕಾಣುವುದಿಲ್ಲ, ಆದ್ದರಿಂದ ಕೊರತೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಅದಕ್ಕೂ ಯಾರೋ ಹೊರಗೆ ಡಾಲರ್ ಅಥವಾ ದಿರ್ಹಮ್ ಕೊಡಲೇಬೇಕಲ್ವಾ? ಕೊಡುವುದು ಹವಾಲಾ ದಾರಿಯಲ್ಲಿ. ಗಲ್ಫ್‌ನಲ್ಲಿ ದುಡಿಯುವವರ ದಿರ್ಹಮ್ ಅಲ್ಲೇ ಚಿನ್ನಕ್ಕೆ ಹೋಗುತ್ತದೆ, ಅವರ ಮನೆಯವರಿಗೆ ಇಲ್ಲಿ ರೂಪಾಯಿ ಸಿಗುತ್ತದೆ. ಬ್ಯಾಂಕಿನ ಮೂಲಕ ದೇಶಕ್ಕೆ ಬರಬೇಕಿದ್ದ ವಿದೇಶಿ ಹಣ ಬರುವುದೇ ಇಲ್ಲ. ಆಮದಿನ ಸಾಲಿನಿಂದ ಮಾಯವಾದ ಕೊರತೆಯ ಒಂದಿಷ್ಟು ಭಾಗ, ಊರಿಗೆ ಕಳಿಸುವ ಹಣದ ಸಾಲಿನಲ್ಲಿ ಬೇರೆ ವೇಷದಲ್ಲಿ ಕೂತಿರುತ್ತದೆ. 80:20 ನಿಯಮವನ್ನು 2014ರ ನವೆಂಬರ್‌ನಲ್ಲಿ ಕೈಬಿಟ್ಟರು. ಮುಂದೆ ಶೇ 15ಕ್ಕೆ ಏರಿದ್ದ ಸುಂಕವನ್ನು 2024ರ ಜುಲೈನಲ್ಲಿ ಶೇ 6ಕ್ಕೆ ಇಳಿಸಿದಾಗ ಕಳ್ಳಸಾಗಣೆಯ ಮಾತೂ ಕೇಳಿಬಂದಿತ್ತು.