ಗಿರಾಕಿಗಳ ಹತ್ತಿರ ರಿವ್ಯೂ ಯಾವಾಗ ಕೇಳಬೇಕು?

ಪ್ರಶ್ನೆ: ಉಡುಪಿಯಲ್ಲಿ ನನ್ನದು ಚಿಕ್ಕ ಬ್ಲೌಸ್ ಹೊಲಿಗೆ ಅಂಗಡಿ. ಗಿರಾಕಿಗಳಿಗೆ ಖುಷಿ ಇದೆ, ಆದರೆ ಗೂಗಲ್‌ನಲ್ಲಿ ಯಾರೂ ಬರೆಯುವುದಿಲ್ಲ. ಕೇಳಲು ಸಂಕೋಚ. ಯಾವಾಗ, ಹೇಗೆ ಕೇಳಲಿ?

ಉತ್ತರ: ಹೆಚ್ಚಿನವರು ದುಡ್ಡು ತಗೊಳ್ಳುವಾಗಲೇ ಕೇಳಿಬಿಡುತ್ತಾರೆ. ನಿಮ್ಮ ಕೆಲಸಕ್ಕೆ ಅದು ತಪ್ಪು ಹೊತ್ತು. ಆಗ ಅವರು ಬ್ಲೌಸನ್ನು ಟ್ರಯಲ್ ನೋಡಿರುತ್ತಾರೆ ಅಷ್ಟೇ. ಸೀರೆ ಉಟ್ಟು, ಕೈ ಎತ್ತಿ, ಊಟಕ್ಕೆ ಕೂತು ನೋಡಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು, ಹೊರಗೆ ರಿಕ್ಷಾ ಕಾಯುತ್ತಿದೆ. ಆಗ "ಆಯ್ತು, ಮತ್ತೆ ಹಾಕ್ತೇನೆ" ಎಂದು ಹೋದವರು ಮರೆತೇ ಬಿಡುತ್ತಾರೆ.

ಅದಕ್ಕೇ ಆರ್ಡರ್ ಬರೆದುಕೊಳ್ಳುವಾಗ ಸಮಾರಂಭದ ದಿನವನ್ನೂ ಬರೆದಿಡಿ. ಗುರುವಾರ ಬ್ಲೌಸ್ ಒಯ್ದರು, ಭಾನುವಾರ ಮದುವೆ ಅಂತಿಟ್ಟುಕೊಳ್ಳಿ. ಸೋಮವಾರ ಸುಸ್ತಿರುತ್ತದೆ. ಮಂಗಳವಾರ ಸಂಜೆ ವಾಟ್ಸಾಪ್ ಮಾಡಿ. ಆಗ ಮದುವೆಯ ಫೋಟೋಗಳು ಇನ್ನೂ ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ:

"ಅಕ್ಕ, ಮದುವೆ ಚೆನ್ನಾಗಿ ಆಯ್ತಾ? ಬ್ಲೌಸ್ ಎಲ್ಲಾದರೂ ಬಿಗಿ ಅನಿಸಿದ್ದರೆ ತನ್ನಿ, ಸರಿ ಮಾಡಿಕೊಡ್ತೇನೆ. ಪುರುಸೊತ್ತಾದಾಗ ನಿಮಗೆ ಅನಿಸಿದ್ದನ್ನು ಇಲ್ಲಿ ಎರಡು ಸಾಲು ಬರೆದರೆ ಹೊಸಬರಿಗೆ ಉಪಯೋಗ ಆಗ್ತದೆ. ಆಗದಿದ್ದರೂ ಏನೂ ತೊಂದರೆ ಇಲ್ಲ."

ಕೆಳಗೆ ಲಿಂಕ್ ಹಾಕಿ. ಅಂಗಡಿಯ ಗೂಗಲ್ ಖಾತೆಯಿಂದ ನಿಮ್ಮ ಅಂಗಡಿಯ ಹೆಸರು ಹುಡುಕಿದರೆ Ask for reviews ಎಂಬ ಗುಂಡಿ ಕಾಣುತ್ತದೆ, ಲಿಂಕ್ ಅಲ್ಲೇ ಸಿಗುತ್ತದೆ. ಲಿಂಕ್ ಇಲ್ಲದೆ ಕೇಳಿದರೆ ಅವರು ಅಂಗಡಿ ಹುಡುಕುವುದರಲ್ಲೇ ಸೋಲುತ್ತಾರೆ.

ಮೆಸೇಜಿನಲ್ಲಿ "ಫೈವ್ ಸ್ಟಾರ್" ಎಂಬ ಮಾತಿಲ್ಲ, ನೋಡಿದಿರಾ? ಆ ಮಾತು ಬಂದ ಕೂಡಲೇ ಕೋರಿಕೆ ಒತ್ತಾಯ ಆಗುತ್ತದೆ. ಪರಿಚಯದ ಊರಲ್ಲಿ ಮುಖ ನೋಡಿ ಇಲ್ಲ ಎನ್ನಲು ಯಾರಿಗೂ ಆಗುವುದಿಲ್ಲ, ಅಲ್ವಾ? ಕೊನೆಯ ಸಾಲು ಅವರಿಗೆ ಸುಮ್ಮನಿರುವ ದಾರಿ ಕೊಡುತ್ತದೆ. ಅದನ್ನು ಬಿಡಬೇಡಿ.

ರಿವ್ಯೂ ಬರೆದರೆ ಫಾಲ್ಸ್ ಫ್ರೀ, ಮುಂದಿನ ಸಲ ಐವತ್ತು ರೂಪಾಯಿ ಕಡಿಮೆ ಎನ್ನುವುದು ಬೇಡ. ಗೂಗಲ್ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಅಂಥ ರಿವ್ಯೂಗಳನ್ನು ತೆಗೆದುಹಾಕಬಹುದು. ಖುಷಿಯಾದವರನ್ನು ಮಾತ್ರ ಆರಿಸಿ ಲಿಂಕ್ ಕಳಿಸುವುದೂ ನಿಯಮಕ್ಕೆ ವಿರುದ್ಧ. ಎಲ್ಲರಿಗೂ ಇದೇ ಮೆಸೇಜ್ ಹೋಗಲಿ. ತೋಳು ಬಿಗಿಯಾಯಿತು ಎಂದವರಿಗೂ ಲಿಂಕ್ ಅಲ್ಲೇ ಇದೆ. ಅವರ ತೋಳು ಬಿಚ್ಚಿ ಹೊಲಿದು ಕೊಡಿ. ನನಗೆ ಕಂಡಂತೆ ಹಾಗೆ ಸರಿ ಮಾಡಿಸಿಕೊಂಡವರೇ ಜಾಸ್ತಿ ಮನಸ್ಸಿಟ್ಟು ಬರೆಯುತ್ತಾರೆ.

ಇನ್ನೊಂದು ಒಳ್ಳೆಯ ಹೊತ್ತು ತಾನಾಗಿ ಬರುತ್ತದೆ. "ಎಲ್ಲರೂ ಎಲ್ಲಿ ಹೊಲಿಸಿದ್ದು ಅಂತ ಕೇಳಿದ್ರು" ಎಂದು ಅವರೇ ಅಂಗಡಿಗೆ ಬಂದು ಹೇಳಿದರೆ, "ಸಂತೋಷ ಆಯ್ತಕ್ಕ, ಈ ಮಾತನ್ನೇ ಗೂಗಲ್‌ನಲ್ಲಿ ಬರೀಬಹುದು, ಮನಸ್ಸಿದ್ದರೆ ಲಿಂಕ್ ಕಳಿಸ್ತೇನೆ" ಎನ್ನಿ. ಅವರ ಮೊಬೈಲ್ ಕೇಳಿ ತೆಗೆದುಕೊಂಡು ಅಲ್ಲೇ ಬರೆಸಬೇಡಿ. ಮನೆಗೆ ಹೋಗಿ ಬರೆಯಲಿ. ಬರೆಯದಿದ್ದರೆ ಇನ್ನೊಂದು ಮೆಸೇಜ್ ಬೇಡ. ಮುಂದಿನ ಬ್ಲೌಸ್ ಹೊಲಿಸಿದ ಮೇಲೆ ಮತ್ತೆ ಕೇಳಿದರಾಯಿತು.