‘ಒಬ್ಬರ ಕಥೆ ಹೇಳಿ’ ಅಂದರೆ ಫೋಟೋ ಹಾಕಿ ಅಂತಲ್ಲ

ದೇಣಿಗೆ ಕೇಳುವ ಪೋಸ್ಟ್ ಬರೆಯುವವರ ಬಾಯಲ್ಲಿ ‘ಐಡೆಂಟಿಫೈಯಬಲ್ ವಿಕ್ಟಿಮ್ ಎಫೆಕ್ಟ್’ ಅನ್ನುವ ಮಾತು ಈಗ ಜಾಸ್ತಿ ಕೇಳಿಸುತ್ತದೆ. ಲೆಕ್ಕ ಬೇಡ, ಒಬ್ಬರ ಕಥೆ ಹೇಳಿ ಅನ್ನುವುದು ಅದರ ಸಾರ. ಆದರೆ ಮಾಡುವುದೇನು? ಹಳೇ ಪೋಸ್ಟ್‌ನ ಮೇಲೆ ಅಳುವ ಮಗುವಿನ ಫೋಟೋ, ಪಕ್ಕದಲ್ಲಿ ಒಂದು ಹೆಸರು, ಕೆಳಗೆ ಅದೇ ಅಂಕಿಅಂಶ. ಮೊನ್ನೆ ಅಂಥ ಇನ್ನೊಂದನ್ನು ನೋಡಿದೆ. ‘ಐಡೆಂಟಿಫೈಯಬಲ್’ ಅಂದರೆ ಮುಖ, ಹೆಸರು, ಊರು ಎಲ್ಲ ಕಾಣಬೇಕು ಅಂತ ಇವರು ತಿಳಿದಿದ್ದಾರೆ. ಅದು ತಪ್ಪು.

ವಿಚಾರದ ಬೇರು 1968ರಲ್ಲಿದೆ. ಆರು ವರ್ಷದ ಹುಡುಗಿಗೆ ಆಪರೇಷನ್ ಆಗಬೇಕು ಅಂದರೆ ಅಂಚೆಯಲ್ಲಿ ಹಣ ಬಂದು ಬೀಳುತ್ತದೆ, ತೆರಿಗೆ ಇಲ್ಲದೆ ಆಸ್ಪತ್ರೆಗಳು ಸೊರಗಿ ಸಾವು ತುಸು ಹೆಚ್ಚುತ್ತದೆ ಅಂದರೆ ಯಾರೂ ಕಣ್ಣೀರು ಹಾಕುವುದಿಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಬರೆದರು. ಒಂದು ಕಡೆ ಇಂಥವರೇ ಅಂತ ಗೊತ್ತಿರುವ ಜೀವ, ಇನ್ನೊಂದು ಕಡೆ ಲೆಕ್ಕದಲ್ಲಿ ಮಾತ್ರ ಇರುವ ಜೀವ.

ಇಲ್ಲಿ ‘ಗೊತ್ತಿರುವುದು’ ಅಂದರೆ ಏನು? 2003ರಲ್ಲಿ ಸಂಶೋಧಕರಾದ ಡೆಬೊರಾ ಸ್ಮಾಲ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಇದನ್ನೇ ಬಿಡಿಸಿ ನೋಡಿದರು. ಬಡವರಿಗೆ ಮನೆ ಕಟ್ಟುವ ಕೆಲಸಕ್ಕೆ ಹಣ ಕೇಳಿದರು. ಕೆಲವರಿಗೆ ‘ಕುಟುಂಬವನ್ನು ಆಯ್ಕೆ ಮಾಡಲಾಗಿದೆ’ ಅಂದರು, ಉಳಿದವರಿಗೆ ‘ಆಯ್ಕೆ ಮಾಡಲಾಗುವುದು’ ಅಂದರು. ಎರಡರಲ್ಲೂ ಯಾವ ಕುಟುಂಬ ಅಂತ ಹೇಳಲಿಲ್ಲ. ಹೆಸರಿಲ್ಲ, ಫೋಟೋ ಇಲ್ಲ. ಆದರೂ ಆಯ್ಕೆ ಆಗಿಹೋಗಿದೆ ಅಂದಾಗ ಜನ ಹೆಚ್ಚು ಕೊಟ್ಟರು. ಅಂದರೆ ಕೊಡುವವರಿಗೆ ಆ ವ್ಯಕ್ತಿಯ ವಿವರವೆಲ್ಲ ತಿಳಿಯಬೇಕಿಲ್ಲ. ‘ಯಾರೋ ಒಬ್ಬರು’ ಅನ್ನುವುದು ಹೋಗಿ ‘ಆ ಒಬ್ಬರು’ ಅಂತ ನಿಶ್ಚಯವಾದರೂ ಪರಿಣಾಮ ಕಂಡಿತು.

ಹೆಚ್ಚು ಜನ ಉದ್ಧರಿಸುವುದು 2007ರ ಪ್ರಯೋಗವನ್ನು. ಮಾಲಿ ದೇಶದ ಏಳು ವರ್ಷದ ಹುಡುಗಿಯ ಕಥೆ ಓದಿದವರು ಕೈಯಲ್ಲಿದ್ದ 5 ಡಾಲರ್‌ನಲ್ಲಿ ಸರಾಸರಿ 2.38 ಕೊಟ್ಟರು. ಬರಗಾಲದ ಅಂಕಿಅಂಶ ಮಾತ್ರ ಓದಿದವರು ಕೊಟ್ಟದ್ದು 1.14. ಎರಡನ್ನೂ ಒಟ್ಟಿಗೆ ಓದಿದವರು 1.43. ಕಥೆಗೆ ಲೆಕ್ಕ ಸೇರಿಸಿದರೆ ಬಲ ಬರಲಿಲ್ಲ, ಕಡಿಮೆಯಾಯಿತು. ಆದರೆ 2023ರಲ್ಲಿ ಇದೇ ಪ್ರಯೋಗವನ್ನು ಬೇರೆಯವರು ದೊಡ್ಡದಾಗಿ ಮತ್ತೆ ಮಾಡಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2016ರ ವಿಶ್ಲೇಷಣೆಯಲ್ಲಿ ಪರಿಣಾಮ ಇತ್ತು, ಆದರೆ ಬಹಳ ಸಣ್ಣದು. ‘ಕಥೆ ಹಾಕಿದರೆ ದೇಣಿಗೆ ದುಪ್ಪಟ್ಟು’ ಅಂತ ತರಬೇತಿಯಲ್ಲಿ ಹೇಳುವವರು ಇದನ್ನೂ ಹೇಳಬೇಕು.

ಈಗ ಒಂದು ಪೋಸ್ಟ್ ತಿದ್ದಿ ನೋಡೋಣ. ನಾನೇ ಕಟ್ಟಿದ ಮಾದರಿ ಇದು. ಮೊದಲ ರೂಪ: ‘ನಮ್ಮ ಜಿಲ್ಲೆಯಲ್ಲಿ ನೂರಾರು ಕಿಡ್ನಿ ರೋಗಿಗಳಿದ್ದಾರೆ. ಅನೇಕರು ಡಯಾಲಿಸಿಸ್ ನಡುವೆ ಬಿಡುತ್ತಿದ್ದಾರೆ. ಸಾರಿಗೆ ನೆರವಿಗೆ ಉದಾರವಾಗಿ ದೇಣಿಗೆ ನೀಡಿ.’

ತಿದ್ದಿದ ರೂಪ: ‘ವಾರಕ್ಕೆ ಮೂರು ದಿನ ಲಕ್ಷ್ಮಮ್ಮ ಬೆಳಗಿನ ಮೊದಲ ಬಸ್ಸಿಗೆ ತಾಲ್ಲೂಕು ಆಸ್ಪತ್ರೆಗೆ ಹೊರಡುತ್ತಾರೆ. ನಾಲ್ಕು ಗಂಟೆ ಡಯಾಲಿಸಿಸ್. ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಹೇಳಿದ್ದಾರೆ, ಅದಕ್ಕೆ ಸಣ್ಣ ಲೋಟದಲ್ಲಿ ಅಳೆದು ಕುಡಿಯುತ್ತಾರೆ. ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ, ಆದರೆ ಮುಗಿದ ಮೇಲೆ ಬಸ್ಸಿನಲ್ಲಿ ನಿಂತು ಬರಲು ಆಗುವುದಿಲ್ಲ. ಆಟೋಗೆ ₹400. ಕಳೆದ ವಾರ ಒಂದು ದಿನ ಹೋಗಲಿಲ್ಲ. ಒಂದು ವಾರದ ಆಟೋ ಖರ್ಚು ₹1,200. (ಹೆಸರು ಬದಲಿಸಿದೆ. ನಿಮ್ಮ ಹಣ ಇವರಿಗೂ ಇವರಂತೆ ಪ್ರಯಾಣ ಮಾಡುವ ಇತರರಿಗೂ ಹಂಚಿಕೆಯಾಗುತ್ತದೆ.)’

ಇಲ್ಲಿ ಕಣ್ಣೀರಿನ ಮಾತೇ ಇಲ್ಲ. ಲೋಟ ಇದೆ, ಆಟೋ ಇದೆ, ತಪ್ಪಿದ ಒಂದು ದಿನ ಇದೆ. ಅಂಕಿಯೂ ಇದೆ, ಆದರೆ ಅದು ಲಕ್ಷ್ಮಮ್ಮನ ಅಂಕಿ. ಓದುವವರು ತಮ್ಮ ಹಣ ಏನು ಮಾಡುತ್ತದೆ ಅಂತ ಲೆಕ್ಕ ಹಾಕಬಹುದು. ಜಿಲ್ಲೆಯ ಲೆಕ್ಕ ವಾರ್ಷಿಕ ವರದಿಗೆ ಹೋಗಲಿ. ಆವರಣದೊಳಗಿನ ಕೊನೆಯ ಸಾಲನ್ನು ಸುಮ್ನೆ ತೆಗೆಯಬೇಡಿ. ಹಣ ಒಬ್ಬರಿಗೇ ಹೋಗುತ್ತದೆ ಅನ್ನಿಸುವಂತೆ ಬರೆದು ಎಲ್ಲರಿಗೂ ಹಂಚಿದರೆ ಅದು ಮೋಸ ಅಲ್ವಾ?

ನಾಲ್ಕು ಜನರ ಕಷ್ಟ ಕೂಡಿಸಿ ಒಬ್ಬರ ಹೆಸರಿಗೆ ಕಟ್ಟುವುದೂ ಮೋಸವೇ. ಹೆಸರು ಬದಲಿಸಬಹುದು, ಬದುಕು ಬದಲಿಸುವಂತಿಲ್ಲ.

ಮಕ್ಕಳ ವಿಷಯದಲ್ಲಂತೂ ಇದು ಕಾನೂನಿನ ಮಾತು. ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಫೋಟೋ ಪ್ರಕಟಿಸುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ. ಫೋಟೋ ಇಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ ಅನ್ನುವವರು 2003ರ ಆ ಕುಟುಂಬವನ್ನು ನೋಡಲಿ. ದೊಡ್ಡವರಾದರೆ, ಪೋಸ್ಟ್ ಹಾಕುವ ಮೊದಲು ಅವರ ಮುಂದೆ ಕೂತು ಪೂರ್ತಿ ಓದಿ ಹೇಳಿ. ಆಟೋ ವಿಷಯ ಇರಲಿ, ನೀರಿನ ವಿಷಯ ಬೇಡ ಅಂದರೆ ಆ ಸಾಲು ತೆಗೆಯಿರಿ.